ಹತ್ತೊಂಬತ್ತು ಸೊನ್ನೆ, ಐದು ಇಂಡೆಂಟ್

(ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳ ಸ್ಟೋರ್ಸ್ ಹಾಗೂ ಮೇಂಟೆನೆನ್ಸ್ ವಿಭಾಗದವರ ಮುಂದೆ ಆಡಿದ ಮಾತು. ಸಭೆಯಲ್ಲಿ ಬೋರ್ಡಿನ ಮೇಲೆ ಬರೆದ ಲೆಕ್ಕವನ್ನು ಇಲ್ಲಿ ಬಿಡಿಸಿ ಹಾಕಿದ್ದೇನೆ. ಕೇಳಿದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ನನ್ನ ಕೈಯಲ್ಲಿರುವುದು ಒಂದು ಬಿನ್ ಕಾರ್ಡ್. ಪಂಪಿನ ಶಾಫ್ಟ್ ಹಾದುಹೋಗುವ ಕಡೆ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ನಿಮಗೆಲ್ಲ ಗೊತ್ತು. ಅದರ ಕಾರ್ಡ್ ಇದು. ಎಣಿಸಲು ಸುಲಭವಾಗಲೆಂದು ಅಂಕಿಗಳನ್ನು ನಾನೇ ಹೊಂದಿಸಿದ್ದೇನೆ. ಆದರೆ ಇದರ ಚಹರೆ ನಿಮ್ಮ ಸ್ಟೋರ್ಸಿನ ಅರ್ಧಕ್ಕರ್ಧ ಕಾರ್ಡುಗಳದ್ದೇ. ಇಪ್ಪತ್ತನಾಲ್ಕು ತಿಂಗಳು, ತಿಂಗಳಿಗೆ ಎಷ್ಟು ಸೀಲ್ ಹೊರಗೆ ಹೋಯಿತು ಎಂಬ ಲೆಕ್ಕ:

```
0 0 2 0 0 0 0 1 0 0 0 3
0 0 0 0 0 1 0 0 2 0 0 0
```

ಹತ್ತೊಂಬತ್ತು ತಿಂಗಳು ಸೊನ್ನೆ. ಐದು ಸಲ ಇಂಡೆಂಟ್ ಬಂದಿದೆ, ಒಟ್ಟು 9 ಸೀಲ್ ಹೋಗಿದೆ. ಆರ್ಡರ್ ಹಾಕಿದರೆ ಮಾಲು ಬರಲು ಮೂರು ತಿಂಗಳು ಬೇಕು. ಪರ್ಚೇಸ್‌ನವರು ಕೇಳುವ ಪ್ರಶ್ನೆ ಒಂದೇ: ತಿಂಗಳಿಗೆ ಎಷ್ಟು ಎಂದು ಹಿಡಿಯೋಣ?

ಅವಸರದಲ್ಲಿ ಸಿಗುವ ಉತ್ತರವೊಂದಿದೆ. ಮೊದಲ ವರ್ಷ 6 ಸೀಲ್ ಹೋಯಿತು, ಎರಡನೆಯ ವರ್ಷ 3. ಹಾಗಾದರೆ ಬೇಡಿಕೆ ಅರ್ಧಕ್ಕೆ ಇಳಿಯಿತು, ಸ್ಟಾಕನ್ನೂ ಅರ್ಧ ಮಾಡಿ. ವಾರ್ಷಿಕ ಪರಿಶೀಲನೆಯ ಸಭೆಗಳಲ್ಲಿ ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನಿಜಕ್ಕೂ ಆಗಿರುವುದು ಏನು? ಮೊದಲ ವರ್ಷ ಮೂರು ಇಂಡೆಂಟ್, ಎರಡನೆಯ ವರ್ಷ ಎರಡು. ಒಂದೇ ಒಂದು ಚೀಟಿಯ ವ್ಯತ್ಯಾಸ. ಹನ್ನೆರಡನೆಯ ತಿಂಗಳ ಆ 3 ನಾಲ್ಕು ವಾರ ತಡವಾಗಿ ಬಂದಿದ್ದರೆ ಮೊದಲ ವರ್ಷಕ್ಕೆ 3, ಎರಡನೆಯದಕ್ಕೆ 6 ಆಗಿ, ಅದೇ ಸಭೆ ಸ್ಟಾಕನ್ನು ಇಮ್ಮಡಿ ಮಾಡಲು ಹೇಳುತ್ತಿತ್ತು.

ಇನ್ನೊಂದು ಉತ್ತರ ಕಂಪ್ಯೂಟರಿನದು. ಬಹುತೇಕ ಸ್ಟಾಕ್ ತಂತ್ರಾಂಶಗಳ ಒಳಗೆ ಕುಳಿತಿರುವುದು ಎಕ್ಸ್‌ಪೊನೆನ್ಷಿಯಲ್ ಸ್ಮೂದಿಂಗ್ ಎಂಬ ಹಳೆಯ ಉಪಾಯ. ಹೆಸರು ದೊಡ್ಡದು, ಕೆಲಸ ಚಿಕ್ಕದು. ಹಿಂದಿನ ಅಂದಾಜು ಎಷ್ಟಿತ್ತು, ಈ ತಿಂಗಳು ನಿಜವಾಗಿ ಬಂದದ್ದು ಎಷ್ಟು, ಇವೆರಡರ ವ್ಯತ್ಯಾಸದಲ್ಲಿ ಒಂದು ಪಾಲನ್ನು ಹಿಂದಿನ ಅಂದಾಜಿಗೆ ಸೇರಿಸುವುದು. ಆ ಪಾಲಿಗೆ ಆಲ್ಫಾ ಎಂದು ಹೆಸರು. ಇಂದು ಉದ್ದಕ್ಕೂ ಆಲ್ಫಾ 0.2 ಎಂದು ಇಟ್ಟುಕೊಳ್ಳೋಣ, ಅಂದರೆ ಐದರಲ್ಲೊಂದು ಪಾಲು. ದಿನವೂ ಖರ್ಚಾಗುವ ಹತ್ತಿ ವೇಸ್ಟಿಗೋ ಗ್ರೀಸಿಗೋ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಸೀಲಿಗೆ ಮಾಡಿ ನೋಡೋಣ. ಮೂರನೆಯ ತಿಂಗಳ ಕೊನೆಗೆ ಅಂದಾಜು 0.5 ಎಂದು ಆರಂಭಿಸಿದರೆ, ಮುಂದಿನ ನಾಲ್ಕು ಸೊನ್ನೆಗಳಿಗೆ ಅದು 0.40, 0.32, 0.26, 0.20 ಎಂದು ಮೆಟ್ಟಿಲಿಳಿಯುತ್ತದೆ. ಎಂಟರಲ್ಲಿ ಒಂದು ಸೀಲ್ ಹೋದಾಗ 0.36ಕ್ಕೆ ಜಿಗಿಯುತ್ತದೆ. ಮತ್ತೆ ಇಳಿದು ಹನ್ನೊಂದನೆಯ ತಿಂಗಳ ಕೊನೆಗೆ 0.19. ಹನ್ನೆರಡರಲ್ಲಿ 3 ಸೀಲ್ ಹೋದೊಡನೆ 0.75. ಒಂದೇ ತಿಂಗಳಲ್ಲಿ ನಾಲ್ಕು ಪಟ್ಟು! ಪಂಪು ಬದಲಾಗಿಲ್ಲ, ನೀರು ಬದಲಾಗಿಲ್ಲ, ಸೀಲಿನ ಗುಣಮಟ್ಟವೂ ಬದಲಾಗಿಲ್ಲ. ಬದಲಾದದ್ದು ನಾವು ಲೆಕ್ಕವನ್ನು ನೋಡಿದ ಗಳಿಗೆ ಮಾತ್ರ.

ಏರಿಳಿತ ಇದ್ದರೇನು, ಸರಾಸರಿ ಸರಿಯಾಗಿದ್ದರೆ ಸಾಕಲ್ಲವೇ ಎಂದು ಮುಂದಿನ ಸಾಲಿನಲ್ಲಿದ್ದವರೊಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಎಲ್ಲ ತಿಂಗಳುಗಳನ್ನೂ ಸೇರಿಸಿ ನೋಡಿದರೆ ಇದರ ಸರಾಸರಿಯಲ್ಲಿ ದೋಷವಿಲ್ಲ. ತೊಂದರೆ ಇರುವುದು ನಾವು ಕಾರ್ಡನ್ನು ಯಾವಾಗ ಕೈಗೆತ್ತಿಕೊಳ್ಳುತ್ತೇವೆ ಎಂಬುದರಲ್ಲಿ. ಸೀಲ್ ಹೋಗದ ತಿಂಗಳು ಆ ಕಾರ್ಡನ್ನು ಯಾರು ನೋಡುತ್ತಾರೆ? ಮಾಲು ಹೊರಗೆ ಹೋದ ದಿನವೇ ಸ್ಟಾಕ್ ಕಡಿಮೆಯಾಗುತ್ತದೆ, ಆ ದಿನವೇ ಆರ್ಡರ್ ಹಾಕಬೇಕೇ ಎಂಬ ಪ್ರಶ್ನೆ ಏಳುತ್ತದೆ. ಅಂದಾಜು ಅತಿ ಹೆಚ್ಚು ಉಬ್ಬಿರುವುದೂ ಅದೇ ದಿನ.

ಎಷ್ಟು ಉಬ್ಬಿರುತ್ತದೆ ಎಂಬುದಕ್ಕೂ ಲೆಕ್ಕವಿದೆ. ಸರಾಸರಿ ಅಂತರವನ್ನು ಆಲ್ಫಾದಿಂದ ಗುಣಿಸಿ, ಅದಕ್ಕೆ ಒಂದರಿಂದ ಆಲ್ಫಾ ಕಳೆದುದನ್ನು ಸೇರಿಸಿ. ನಮ್ಮ ಸೀಲಿನ ಇಂಡೆಂಟುಗಳ ನಡುವಿನ ಅಂತರಗಳು 5, 4, 6, 3 ತಿಂಗಳು, ಸರಾಸರಿ 4.5. ಹಾಗಾದರೆ 0.9ಕ್ಕೆ 0.8 ಸೇರಿ 1.7. ಇಂಡೆಂಟ್ ಬಂದ ಕೂಡಲೇ ನೋಡಿದಾಗ ಅಂದಾಜು ನಿಜಕ್ಕಿಂತ ಸರಾಸರಿ ಶೇಕಡಾ 70ರಷ್ಟು ಹೆಚ್ಚು. ಹತ್ತು ತಿಂಗಳಿಗೊಮ್ಮೆ ಹೋಗುವ ವಸ್ತುವಾದರೆ 2.8 ಪಟ್ಟು. ವಸ್ತು ಅಪರೂಪವಾದಷ್ಟೂ ಸುಳ್ಳು ದೊಡ್ಡದಾಗುತ್ತದೆ. ಸ್ಟೋರ್ಸಿನ ಹಿಂದಿನ ರ‍್ಯಾಕಿನಲ್ಲಿ ಧೂಳು ಹಿಡಿದ ದುಬಾರಿ ಮಾಲು ತುಂಬಿರುವುದಕ್ಕೆ ಬೈಗುಳ ತಿನ್ನುವವರು ಸ್ಟೋರ್ ಕೀಪರ್‌ಗಳು. ಅದರಲ್ಲಿ ಈ ಗುಣಾಕಾರದ ಪಾಲೂ ಇದೆ ಎಂಬುದು ನನ್ನ ಅನುಭವ.

ಇದನ್ನು ಹಿಡಿದು ತೋರಿಸಿದವರು ಜೆ. ಡಿ. ಕ್ರಾಸ್ಟನ್. 1972ರಲ್ಲಿ ಬ್ರಿಟನ್ನಿನ ‘ಆಪರೇಷನಲ್ ರಿಸರ್ಚ್ ಕ್ವಾರ್ಟರ್ಲಿ’ಯಲ್ಲಿ ಅವರ ಲೇಖನ ಬಂತು. ಅದರಲ್ಲಿ ಬೀಜಗಣಿತದ ಕೆಲವು ತಪ್ಪುಗಳಿದ್ದವು, ಮರುವರ್ಷವೇ ರಾವ್ ಎಂಬವರು ಅದೇ ಪತ್ರಿಕೆಯಲ್ಲಿ ತಿದ್ದಿದರು. ಮೂಲ ವಿಚಾರಕ್ಕೆ ಅದರಿಂದ ಧಕ್ಕೆಯಾಗಲಿಲ್ಲ. ವಿಚಾರವಾದರೂ ಏನು? ‘ತಿಂಗಳಿಗೆ ಎಷ್ಟು’ ಎಂಬ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಸಿಕ್ಕಿಹಾಕಿಕೊಂಡಿವೆ. ಬಂದಾಗ ಎಷ್ಟು ಬರುತ್ತದೆ? ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಇವೆರಡನ್ನೂ ಬೇರ್ಪಡಿಸಿ, ಬೇರೆಬೇರೆಯಾಗಿ ಅಂದಾಜು ಮಾಡಿ, ಕೊನೆಯಲ್ಲಿ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಎಂದರು ಕ್ರಾಸ್ಟನ್. ಸೊನ್ನೆಯ ತಿಂಗಳಿನಲ್ಲಿ ಎರಡನ್ನೂ ಮುಟ್ಟಬಾರದು. ತಿಂಗಳು ಎಣಿಸುತ್ತಾ ಕಾಯಬೇಕು.

ಕಾರ್ಡಿಗೆ ಬರೋಣ. ಆರಂಭಕ್ಕೆ ಎರಡು ಅಂಕಿ ಬೇಕು. ಪ್ರಮಾಣಕ್ಕೆ ಮೊದಲ ಇಂಡೆಂಟಿನ 2ನ್ನೇ ಹಿಡಿಯಬಹುದು. ಅಂತರಕ್ಕೆ ಏನು ಹಿಡಿಯುವುದು? ಕಾರ್ಡ್ ಶುರುವಾಗಿ ಮೂರನೆಯ ತಿಂಗಳಿಗೆ ಮೊದಲ ಇಂಡೆಂಟ್ ಬಂದಿದೆ ನಿಜ. ಆದರೆ ಅದಕ್ಕೂ ಹಿಂದಿನ ಸೀಲ್ ಯಾವಾಗ ಹೋಗಿತ್ತು ಎಂಬುದು ಹಳೆಯ ಪುಸ್ತಕದೊಂದಿಗೆ ಹೋಯಿತು. ಇಂಥ ಕಡೆ ನಾನು ಫಿಟ್ಟರ್‌ನನ್ನು ಕೇಳುತ್ತೇನೆ. ‘ನಾಲ್ಕು ತಿಂಗಳಿಗೊಮ್ಮೆ ಬಿಚ್ಚುತ್ತೇವೆ ಸಾರ್’ ಎಂದರೆ 4. ಐದು ಹತ್ತು ಇಂಡೆಂಟುಗಳಷ್ಟೇ ಇರುವಲ್ಲಿ ಆರಂಭದ ಅಂಕಿ ಬಹಳ ಕಾಲ ಲೆಕ್ಕದೊಳಗೆ ಉಳಿಯುತ್ತದೆ. ಅದನ್ನು ತಂತ್ರಾಂಶದ ಪಾಲಿಗೆ ಬಿಡುವುದಕ್ಕಿಂತ ಕೈಗೆ ಎಣ್ಣೆ ಹತ್ತಿಸಿಕೊಂಡವನ ಮಾತು ಮೇಲು.

ಎಂಟನೆಯ ತಿಂಗಳು ಐದು ತಿಂಗಳ ಬಳಿಕ 1 ಸೀಲ್ ಹೋಯಿತು. ಪ್ರಮಾಣದ ಅಂದಾಜು 2 ಇತ್ತು, ಬಂದದ್ದು 1, ವ್ಯತ್ಯಾಸದ ಐದರಲ್ಲೊಂದು ಪಾಲು ಕಳೆದರೆ 1.8. ಕಾಲಾಂತರ 4 ಇತ್ತು, ಬಂದದ್ದು 5, ಹಾಗಾಗಿ 4.2. ಭಾಗಿಸಿದರೆ ತಿಂಗಳಿಗೆ 0.43. ಹನ್ನೆರಡರಲ್ಲಿ ನಾಲ್ಕು ತಿಂಗಳ ಬಳಿಕ 3: ಪ್ರಮಾಣ 2.04, ಅಂತರ 4.16, ದರ 0.49. ಹದಿನೆಂಟರಲ್ಲಿ ಆರು ತಿಂಗಳ ಬಳಿಕ 1: ಪ್ರಮಾಣ 1.83, ಅಂತರ 4.53, ದರ 0.40. ಇಪ್ಪತ್ತೊಂದರಲ್ಲಿ ಮೂರು ತಿಂಗಳ ಬಳಿಕ 2: ಪ್ರಮಾಣ 1.87, ಅಂತರ 4.22, ದರ 0.44.

ಈ ದರಗಳನ್ನು ಸಾಲಾಗಿ ಓದಿ: 0.43, 0.49, 0.40, 0.44. ಹಿಂದಿನ ವಿಧಾನದಲ್ಲಿ 0.19ರಿಂದ 0.75ಕ್ಕೆ ಹಾರಿದ್ದ ಜಾಗ ಇದೇ. ಆಲ್ಫಾ ಎರಡರಲ್ಲೂ ಒಂದೇ, ಕಾರ್ಡೂ ಒಂದೇ.

ಎಕ್ಸೆಲ್‌ನಲ್ಲಿ ಇದಕ್ಕೆ ಐದು ಕಾಲಂ ಸಾಕು. B ಕಾಲಂನಲ್ಲಿ ಬೇಡಿಕೆ, C ಪ್ರಮಾಣ, D ಅಂತರ, E ತಿಂಗಳ ಎಣಿಕೆ, F ದರ. ಎರಡನೆಯ ಸಾಲು ಮೊದಲ ಇಂಡೆಂಟಿನ ತಿಂಗಳು, ಅಲ್ಲಿ C2, D2, E2ಗಳಿಗೆ 2, 4, 1 ಎಂದು ತುಂಬಿ. ಮೂರನೆಯ ಸಾಲಿನಿಂದ ಹೀಗೆ:

```
C3: =IF(B3>0, C2+0.2*(B3-C2), C2)
D3: =IF(B3>0, D2+0.2*(E2-D2), D2)
E3: =IF(B3>0, 1, E2+1)
F3: =C3/D3
```

D3ರಲ್ಲಿ E2 ಎಂದೇ ಇರಬೇಕು, E3 ಅಲ್ಲ. ಇಂಡೆಂಟ್ ಬಂದ ತಿಂಗಳು ಎಣಿಕೆ ಮತ್ತೆ ಒಂದಕ್ಕೆ ಮರಳುತ್ತದೆ, ಮರಳುವ ಮೊದಲಿನ ಎಣಿಕೆ ನಮಗೆ ಬೇಕು. ಈ ಒಂದು ಅಕ್ಷರ ತಪ್ಪಿ ಅಂತರವೆಲ್ಲ 1ರ ಕಡೆಗೆ ಜಾರಿ ದರ ಏರುತ್ತಾ ಹೋದ ಹಾಳೆಯನ್ನು ನಾನು ನೋಡಿದ್ದೇನೆ. ನೋಡಿದ್ದೇನೆ ಎಂದರೆ, ನಾನೇ ಮಾಡಿದ್ದು.

‘ಆಲ್ಫಾ 0.2 ಏಕೆ, 0.5 ಆದರೆ ಬೇಗ ಕಲಿಯುವುದಿಲ್ಲವೇ?’ ಎಂದು ಒಬ್ಬರು ಕೇಳಿದರು. ಬೇಗ ಕಲಿಯುತ್ತದೆ, ಬೇಗ ಮರೆಯುತ್ತದೆ ಕೂಡ. ವರ್ಷಕ್ಕೆ ಎರಡು ಮೂರು ಇಂಡೆಂಟ್ ಬರುವ ವಸ್ತುವಿಗೆ 0.5 ಇಟ್ಟರೆ ಕಳೆದ ಎರಡು ಚೀಟಿಗಳೇ ಅಂದಾಜನ್ನು ಆಳುತ್ತವೆ. ಇಂಥ ಕಡೆ ವಾಡಿಕೆಯಲ್ಲಿ 0.1ರಿಂದ 0.2. ಪ್ರಮಾಣಕ್ಕೆ ಒಂದು, ಅಂತರಕ್ಕೆ ಇನ್ನೊಂದು ಎಂದು ಬೇರೆಬೇರೆ ಆಲ್ಫಾ ಇಡುವವರೂ ಇದ್ದಾರೆ. ಐದು ಇಂಡೆಂಟುಗಳ ಮೇಲೆ ನಿಂತು ಅಷ್ಟು ನಾಜೂಕು ಮಾಡುವುದು ನನಗೆ ಹಿಡಿಸುವುದಿಲ್ಲ.

ಇನ್ನು ಕ್ರಾಸ್ಟನ್ ವಿಧಾನದೊಳಗೇ ಇರುವ ಒಂದು ಸಣ್ಣ ಸುಳ್ಳು. ಕೊನೆಯಲ್ಲಿ ಭಾಗಿಸಿದೆವಲ್ಲ, ಅಲ್ಲಿದೆ ಅದು. ಒಂದು ಅಂತರ 2 ತಿಂಗಳು, ಇನ್ನೊಂದು 6 ತಿಂಗಳು ಎಂದುಕೊಳ್ಳಿ. ಸರಾಸರಿ 4, ಹಾಗಾಗಿ ತಿಂಗಳಿಗೆ ಕಾಲು ಭಾಗ, 0.25. ಅದೇ ಮೊದಲು ಭಾಗಿಸಿ ಆಮೇಲೆ ಸರಾಸರಿ ತೆಗೆಯಿರಿ: ಅರ್ಧ ಮತ್ತು ಆರರಲ್ಲೊಂದು, ಸರಾಸರಿ 0.33. ಅಂತರದ ನಮ್ಮ ಅಂದಾಜು ಕೆಲವೊಮ್ಮೆ ನಿಜಕ್ಕಿಂತ ಚಿಕ್ಕದಿರುತ್ತದೆ, ಕೆಲವೊಮ್ಮೆ ದೊಡ್ಡದಿರುತ್ತದೆ. ಚಿಕ್ಕದಿದ್ದಾಗ ದರ ಏರುವಷ್ಟು ದೊಡ್ಡದಿದ್ದಾಗ ಇಳಿಯುವುದಿಲ್ಲ. ಹಾಗಾಗಿ ಒಟ್ಟಿನಲ್ಲಿ ದರ ಮೇಲಕ್ಕೇ ವಾಲುತ್ತದೆ. ಸುಮಾರು ಮೂವತ್ತು ವರ್ಷ ಇದು ಯಾರಿಗೂ ಅಷ್ಟಾಗಿ ಕಾಣಲಿಲ್ಲ. 2001ರಲ್ಲಿ ಆರಿಸ್ ಸಿಂಟೆಟೋಸ್ ಮತ್ತು ಜಾನ್ ಬಾಯ್ಲನ್ ಇದನ್ನು ಗಣಿತದಿಂದ ತೋರಿಸಿದರು, 2005ರಲ್ಲಿ ಸರಳ ತಿದ್ದುಪಡಿಯನ್ನೂ ಪ್ರಕಟಿಸಿದರು. ಬಂದ ದರವನ್ನು `1 - alpha/2` ಇಂದ ಗುಣಿಸಿ, ಅಷ್ಟೆ. ನಮ್ಮ ಆಲ್ಫಾಕ್ಕೆ ಅದು 0.9. ಅಂದರೆ 0.44 ಇದ್ದದ್ದು 0.40 ಆಗುತ್ತದೆ. ಎಕ್ಸೆಲ್‌ನ F ಕಾಲಂಗೆ ಒಂದು `0.9*` ಸೇರಿಸಿದರೆ ಆಯಿತು. R ಭಾಷೆಯ `forecast` ಪ್ಯಾಕೇಜಿನಲ್ಲಿ ಇದು `sba` ಎಂಬ ಹೆಸರಿನಲ್ಲಿ ಸಿಗುತ್ತದೆ.

ಈ ತಿದ್ದುಪಡಿಯನ್ನು ಎಲ್ಲ ಮಾಲಿಗೂ ಹಚ್ಚಬೇಡಿ. ಪ್ರತಿ ತಿಂಗಳೂ ಹೋಗುವ ವಸ್ತುವಿನ ಅಂತರ ಯಾವಾಗಲೂ 1. ಅಲ್ಲಿ ವಾಲುವಿಕೆಯೇ ಇಲ್ಲ, ಆದರೂ 0.9ರಿಂದ ಗುಣಿಸಿದರೆ ಸುಮ್ಮನೆ ಹತ್ತನೆಯ ಒಂದು ಭಾಗ ಕಳೆದುಕೊಳ್ಳುತ್ತೀರಿ. ಗೆರೆ ಎಲ್ಲಿ ಎಳೆಯುವುದು ಎಂಬುದಕ್ಕೂ ಆ ಇಬ್ಬರೇ 2005ರಲ್ಲಿ ಇನ್ನೊಂದು ಲೇಖನ ಬರೆದರು, ಅದರ ಮೂರನೆಯ ಲೇಖಕರು ಸ್ವತಃ ಕ್ರಾಸ್ಟನ್. ತನ್ನ ವಿಧಾನದ ದೋಷ ಹಿಡಿದವರ ಜೊತೆ ಕುಳಿತು ಬರೆದರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಸರಾಸರಿ ಅಂತರ 1.32 ತಿಂಗಳನ್ನು ದಾಟಿದರೆ ಆ ವಸ್ತು ಬಿಟ್ಟುಬಿಟ್ಟು ಬರುವ ಬೇಡಿಕೆಯ ಗುಂಪಿಗೆ ಸೇರುತ್ತದೆ. ನಮ್ಮ ಸೀಲಿನದು 4.5, ಚರ್ಚೆಗೆ ಜಾಗವೇ ಇಲ್ಲ.

ಈಗ ಸ್ಟಾಕ್. ಎಲ್ಲರೂ ಎಡವುವ ಜಾಗ ಇದು. ತಿಂಗಳಿಗೆ 0.40 ಎಂಬುದು ದರ. ಯಾವ ತಿಂಗಳೂ 0.40 ಸೀಲ್ ಹೋಗುವುದಿಲ್ಲ. ಹೋದರೆ ಒಂದೋ ಎರಡೋ ಮೂರೋ, ಇಲ್ಲವಾದರೆ ಏನೂ ಇಲ್ಲ. ನಾವು ತಿಂಗಳಿಗೊಮ್ಮೆ ಸ್ಟಾಕ್ ನೋಡುತ್ತೇವೆ, ಮಾಲು ಬರಲು ಮೂರು ತಿಂಗಳು. ಹಾಗಾಗಿ ಇಂದು ತೆಗೆದುಕೊಂಡ ನಿರ್ಧಾರ ನಾಲ್ಕು ತಿಂಗಳು ನಮ್ಮನ್ನು ಕಾಯಬೇಕು. ನಾಲ್ಕು ತಿಂಗಳಿಗೆ ಸರಾಸರಿ 1.6 ಸೀಲ್. ಹಾಗಾದರೆ ಕೈಯಲ್ಲಿರುವುದು ಮತ್ತು ದಾರಿಯಲ್ಲಿರುವುದು ಸೇರಿ ಎಷ್ಟಿರಬೇಕು?

ಪುಸ್ತಕದ ಸುಲಭ ದಾರಿ, ಸರಾಸರಿ ಗೊತ್ತಿದ್ದರೆ ಎಷ್ಟು ಹೋಗುವ ಸಾಧ್ಯತೆ ಎಷ್ಟು ಎಂದು ಹೇಳುವ ಪಾಯ್ಸನ್ ಕೋಷ್ಟಕ. ಸರಾಸರಿ 1.6 ಇದ್ದಾಗ 3 ಇಟ್ಟರೆ ನೂರರಲ್ಲಿ 92 ಸಲ ಸಾಕಾಗುತ್ತದೆ, 4 ಇಟ್ಟರೆ 97 ಅಥವಾ 98 ಸಲ. ನೂರಕ್ಕೆ 95 ಬೇಕೆಂದರೆ 4 ಸಾಕು ಎಂದಾಯಿತು. ಆದರೆ ಈ ಕೋಷ್ಟಕ ಸೀಲುಗಳು ಒಂದೊಂದಾಗಿ ಹೋಗುತ್ತವೆ ಎಂದು ಭಾವಿಸಿದೆ. ನಮ್ಮವು ಗುಂಪಾಗಿ ಹೋಗುತ್ತವೆ. ಐದು ಇಂಡೆಂಟುಗಳಲ್ಲಿ ಎರಡರಲ್ಲಿ ಒಂದು, ಎರಡರಲ್ಲಿ ಎರಡು, ಒಂದರಲ್ಲಿ ಮೂರು. ಸರಾಸರಿ ಅಂತರ 4.5 ಆದ್ದರಿಂದ ಯಾವುದೇ ತಿಂಗಳು ಇಂಡೆಂಟ್ ಬರುವ ಸಾಧ್ಯತೆ 0.22, ಬಂದರೆ ಪ್ರಮಾಣ ಈ ಲೆಕ್ಕದಲ್ಲಿ ಎಂದು ಇಟ್ಟುಕೊಂಡು ನಾಲ್ಕು ತಿಂಗಳ ಎಲ್ಲ ಸಾಧ್ಯತೆಗಳನ್ನು ಕೂಡಿದರೆ ಚಿತ್ರ ಬೇರೆಯಾಗುತ್ತದೆ. 3 ಇಟ್ಟರೆ 87, 4 ಇಟ್ಟರೆ 94, 5 ಇಟ್ಟರೆ 97ರಿಂದ 98. ನೂರಕ್ಕೆ 95 ಬೇಕೆಂದರೆ 5 ಬೇಕು. ಸರಾಸರಿ ಎರಡರಲ್ಲೂ ಒಂದೇ 1.6. ಕ್ರಾಸ್ಟನ್ ಪ್ರಮಾಣವನ್ನು ಬೇರೆಯಾಗಿ ಇಟ್ಟದ್ದರ ಇನ್ನೊಂದು ಲಾಭ ಇದು. ಎರಡನ್ನೂ ಕಲಸಿ ಒಂದೇ ಅಂಕಿ ಮಾಡಿಬಿಟ್ಟಿದ್ದರೆ ಗುಂಪಾಗಿ ಹೋಗುತ್ತವೆ ಎಂಬುದೇ ಕಾಣುತ್ತಿರಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಎದ್ದು ಒಳ್ಳೆಯ ಆಕ್ಷೇಪ ಎತ್ತಿದರು. ‘ಇಷ್ಟೆಲ್ಲ ಏಕೆ ಸಾರ್, ಕಾರ್ಡಿನ ಮೇಲೆ ನಾಲ್ಕು ತಿಂಗಳ ಕಿಟಕಿಯನ್ನು ಸರಿಸುತ್ತಾ ಹೋದರೆ ಎಲ್ಲಿಯೂ 3ಕ್ಕಿಂತ ಹೆಚ್ಚು ಹೋಗಿಲ್ಲ.’ ಅವರು ಕುಳಿತಲ್ಲೇ ಎಣಿಸಿದ್ದರು, ಎಣಿಕೆ ಸರಿ ಇತ್ತು. ಇಪ್ಪತ್ತೊಂದು ಕಿಟಕಿಗಳಲ್ಲಿ ಮೂರರಲ್ಲಿ ಸೊನ್ನೆ, ಏಳರಲ್ಲಿ ಒಂದು, ಆರರಲ್ಲಿ ಎರಡು, ಐದರಲ್ಲಿ ಮೂರು. ಆದರೆ ಆ ಕಿಟಕಿಗಳು ಒಂದರ ಮೇಲೊಂದು ಹೊದ್ದುಕೊಂಡಿವೆ. ಬಿಡಿಬಿಡಿಯಾಗಿ ನೋಡಿದರೆ ಇಪ್ಪತ್ತನಾಲ್ಕು ತಿಂಗಳಲ್ಲಿ ಆರೇ ಆರು ಕಿಟಕಿ. ಮೂರು ಸೀಲ್ ಹೋದ ಮರುತಿಂಗಳೇ ಎರಡು ಹೋಗುವುದು ಈ ಎರಡು ವರ್ಷಗಳಲ್ಲಿ ನಡೆದಿಲ್ಲ ಅಷ್ಟೆ. ನಡೆಯಬಾರದೆಂಬ ಕಾರಣ ಪಂಪಿನಲ್ಲಿ ಇಲ್ಲ. ಇದ್ದರೆ, ಅಂದರೆ ಒಂದೇ ಪಂಪ್ ಆಗಿದ್ದು ಹೊಸ ಸೀಲ್ ಹಾಕಿದ ಮೇಲೆ ನಾಲ್ಕು ತಿಂಗಳು ನಿಶ್ಚಿಂತೆ ಎಂದಿದ್ದರೆ, ಅವರ 3 ಸರಿ, ನನ್ನ 5 ತಪ್ಪು. ಯಾಕೆಂದರೆ ಒಂದು ತಿಂಗಳಿಗೂ ಮುಂದಿನದಕ್ಕೂ ಸಂಬಂಧವಿಲ್ಲ ಎಂಬ ಭಾವನೆಯ ಮೇಲೆ ನನ್ನ ಲೆಕ್ಕವೂ ಕ್ರಾಸ್ಟನ್ ಮಾದರಿಯೂ ನಿಂತಿವೆ. ಎಂಟು ಹತ್ತು ಪಂಪುಗಳು ತಮ್ಮತಮ್ಮ ಪಾಡಿಗೆ ಕೆಡುತ್ತಿದ್ದರೆ ಆ ಭಾವನೆ ಒಪ್ಪುತ್ತದೆ.

ವಿಧಾನ ಸರಿಯೇ ಎಂದು ಪರೀಕ್ಷಿಸುವಾಗ ಒಂದು ಬಲೆ ಇದೆ. ತಂತ್ರಾಂಶ ಮಾರಲು ಬಂದವರು ‘ನಮ್ಮ ಸರಾಸರಿ ದೋಷ ಇಷ್ಟು ಕಡಿಮೆ’ ಎಂದು ತೋರಿಸುತ್ತಾರೆ. ಈ ಕಾರ್ಡಿನ ಮೇಲೇ ನೋಡಿ. ಪ್ರತಿ ತಿಂಗಳೂ 0.40 ಎಂದು ಅಂದಾಜು ಮಾಡಿ, ನಿಜಕ್ಕೂ ಅಂದಾಜಿಗೂ ಇರುವ ವ್ಯತ್ಯಾಸವನ್ನು ಚಿಹ್ನೆ ಬಿಟ್ಟು ಸರಾಸರಿ ಮಾಡಿದರೆ 0.61 ಬರುತ್ತದೆ. ಈಗ ಒಬ್ಬ ಸೋಮಾರಿ ಪ್ರತಿ ತಿಂಗಳೂ ಸೊನ್ನೆ ಎಂದೇ ಬರೆಯುತ್ತಾನೆ ಎನ್ನಿ. ಅವನ ದೋಷ 0.375. ಸೋಮಾರಿ ಗೆದ್ದ! ಅವನ ಮಾತು ಕೇಳಿದರೆ ಸ್ಟೋರ್ಸಿನಲ್ಲಿ ಒಂದು ಸೀಲೂ ಇರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ತಿಂಗಳು ಸೊನ್ನೆ ಇರುವ ಎಲ್ಲ ಕಡೆ ಈ ಅಳತೆಗೋಲು ಸೊನ್ನೆಯನ್ನೇ ಹೊಗಳುತ್ತದೆ. ಶೇಕಡಾವಾರು ದೋಷವಂತೂ ಸೊನ್ನೆಯಿಂದ ಭಾಗಿಸಲು ಹೋಗಿ ಬೀಳುತ್ತದೆ. ವ್ಯತ್ಯಾಸದ ವರ್ಗ ಮಾಡಿ ಸರಾಸರಿ ತೆಗೆದರೆ ಪರವಾಗಿಲ್ಲ, ಅಲ್ಲಿ ಸೋಮಾರಿಯದು 0.79, ನಮ್ಮದು 0.65. ನನಗೆ ಅದಕ್ಕಿಂತ ನಂಬಿಕೆ ಇರುವುದು ಹಳೆಯ ಕಾರ್ಡಿನ ಮೇಲೆ ಸ್ಟಾಕನ್ನು ತಿಂಗಳು ತಿಂಗಳು ನಡೆಸಿ ನೋಡುವುದರಲ್ಲಿ. ಈ ಅಂದಾಜಿನಂತೆ ಆರ್ಡರ್ ಹಾಕಿದ್ದರೆ ಎಷ್ಟು ಸಲ ಫಿಟ್ಟರ್ ಬರಿಗೈಯಲ್ಲಿ ಹೋಗುತ್ತಿದ್ದ, ಸರಾಸರಿ ಎಷ್ಟು ಸೀಲ್ ರ‍್ಯಾಕಿನಲ್ಲಿ ಕುಳಿತಿರುತ್ತಿದ್ದವು? ಈ ಎರಡು ಅಂಕಿಗಳನ್ನು ಮ್ಯಾನೇಜರೂ ಓದಬಲ್ಲರು.

ಕಾರ್ಡಿನ ಅಂಕಿಗಳೇ ಸುಳ್ಳಾಗಿದ್ದರೆ ಇದೆಲ್ಲ ವ್ಯರ್ಥ. ನಾನು ಕೆಲಸ ಮಾಡಿದ ಒಂದು ಕಾರ್ಖಾನೆಯಲ್ಲಿ ಒಂದು ಸೀಲಿನ ಇಂಡೆಂಟುಗಳೆಲ್ಲ ಎರಡು, ನಾಲ್ಕು, ಎರಡು ಎಂದೇ ಬರುತ್ತಿದ್ದವು. ಒಂದು, ಮೂರು ಎಂಬುದೇ ಇರಲಿಲ್ಲ. ಅನುಮಾನ ಬಂದು ವರ್ಕ್‌ಶಾಪಿಗೆ ಹೋದೆ. ಒಮ್ಮೆ ಸೀಲ್ ಇಲ್ಲದೆ ರಾತ್ರಿ ಪಾಳಿಯಲ್ಲಿ ಬೈಸಿಕೊಂಡ ಫಿಟ್ಟರ್ ಅಂದಿನಿಂದ ಒಂದು ಬೇಕಾದಾಗ ಎರಡು ತೆಗೆದುಕೊಂಡು, ಒಂದನ್ನು ತನ್ನ ಬೀರುವಿನಲ್ಲಿ ಇಡುತ್ತಿದ್ದ. ಹಾಗಾಗಿ ನಾನು ಅಳೆಯುತ್ತಿದ್ದುದು ಪಂಪಿನ ಬೇಡಿಕೆಯನ್ನಲ್ಲ, ನನ್ನ ಸ್ಟೋರ್ಸಿನ ಮೇಲೆ ಅವನಿಗಿದ್ದ ಅಪನಂಬಿಕೆಯನ್ನು. ಸ್ಟಾಕ್ ಇಲ್ಲದ ತಿಂಗಳಿನ ಸೊನ್ನೆಯೂ ಹಾಗೆಯೇ. ಇಂಡೆಂಟ್ ಬಂದಿತ್ತು, ಮಾಲಿರಲಿಲ್ಲ, ನಿಂತ ಪಂಪಿನಿಂದ ಸೀಲ್ ಬಿಚ್ಚಿ ಓಡುವ ಪಂಪಿಗೆ ಹಾಕಿದರು, ಕಾರ್ಡಿನಲ್ಲಿ ಸೊನ್ನೆ ಬಿತ್ತು. ಅದನ್ನು ಸೊನ್ನೆ ಎಂದು ಲೆಕ್ಕಕ್ಕೆ ಕೊಡಬಾರದು. ವಾರ್ಷಿಕ ಓವರ್‌ಹಾಲ್‌ಗೆ ಎಂಟು ಸೀಲ್ ಹೋಗಿದ್ದರೆ ಅದನ್ನೂ ಈ ಸಾಲಿನಿಂದ ತೆಗೆದಿಡಿ. ದಿನಾಂಕ ಮೊದಲೇ ಗೊತ್ತಿರುವುದಕ್ಕೆ ಅಂದಾಜು ಏಕೆ ಬೇಕು? ಮೇಂಟೆನೆನ್ಸ್‌ನವರ ಕ್ಯಾಲೆಂಡರ್ ನೋಡಿ ಆರ್ಡರ್ ಹಾಕಿದರೆ ಆಯಿತು.

ಕೊನೆಯದಾಗಿ ಕ್ರಾಸ್ಟನ್ ವಿಧಾನದ ಕುರುಡು ಜಾಗ. ಸೊನ್ನೆಯ ತಿಂಗಳು ಏನನ್ನೂ ಮುಟ್ಟಬೇಡಿ ಎಂದೆವು. ಅದರ ಬಲವೂ ಅದೇ, ಬಲಹೀನತೆಯೂ ಅದೇ. ನಮ್ಮ ಕಾರ್ಡಿನ ಕೊನೆಯಲ್ಲಿ ಮೂರು ಸೊನ್ನೆಗಳಿವೆ. ಸೀಲ್ ಮಲಗಿದೆಯೋ ಸತ್ತಿದೆಯೋ? ಇನ್ನೂ ಮೂವತ್ತು ಸೊನ್ನೆ ಬಂದರೂ ದರ 0.40ರಲ್ಲೇ ನಿಂತಿರುತ್ತದೆ, ಯಾಕೆಂದರೆ ಅದನ್ನು ಬದಲಿಸಲು ಇನ್ನೊಂದು ಇಂಡೆಂಟ್ ಬರಬೇಕು.

ಇದಕ್ಕೆ 2011ರಲ್ಲಿ ಟ್ಯೂಂಟರ್, ಸಿಂಟೆಟೋಸ್ ಮತ್ತು ಬಾಬಾಯ್ ಒಂದು ದಾರಿ ಹೇಳಿದರು. ಅಂತರದ ಬದಲು ಈ ತಿಂಗಳು ಇಂಡೆಂಟ್ ಬರುವ ಸಾಧ್ಯತೆಯನ್ನು ಅಂದಾಜು ಮಾಡಿ, ಅದನ್ನು ಪ್ರತಿ ತಿಂಗಳೂ, ಸೊನ್ನೆಯ ತಿಂಗಳೂ ತಿದ್ದಿ. ಪ್ರಮಾಣವನ್ನು ಮಾತ್ರ ಇಂಡೆಂಟ್ ಬಂದಾಗ ತಿದ್ದಿ. ಕೊನೆಗೆ ಎರಡನ್ನೂ ಗುಣಿಸಿ. ಸಾಧ್ಯತೆ 0.22 ಇದ್ದು, ತಿದ್ದುವ ಪಾಲು 0.1 ಎಂದಿಟ್ಟರೆ ಪ್ರತಿ ಸೊನ್ನೆಗೂ ಅದು ಹತ್ತರಲ್ಲೊಂದು ಭಾಗ ಕರಗುತ್ತದೆ. ಹನ್ನೆರಡು ಸೊನ್ನೆಗಳ ಬಳಿಕ ಸಾಧ್ಯತೆ 0.06, ಪ್ರಮಾಣ 1.87ರಿಂದ ಗುಣಿಸಿದರೆ ತಿಂಗಳಿಗೆ 0.12. ಸೀಲ್ ಸಾಯುತ್ತಿದೆ ಎಂದು ಲೆಕ್ಕವೇ ಹೇಳತೊಡಗುತ್ತದೆ. ಇದಕ್ಕೂ ಬೆಲೆ ತೆರಬೇಕು. ಸೊನ್ನೆಗಳ ನಡುವೆ ಕರಗುವುದು, ಇಂಡೆಂಟ್ ಬಂದಾಗ ಜಿಗಿಯುವುದು, ಅಂದರೆ ನಾವು ಬಿಟ್ಟುಬಂದ ಹಳೆಯ ರೋಗದ ಒಂದು ಅಂಶ ಮರಳಿ ಬರುತ್ತದೆ. ತಿದ್ದುವ ಪಾಲನ್ನು ಚಿಕ್ಕದಾಗಿಟ್ಟರೆ ಜಿಗಿತ ಸಣ್ಣದಾಗುತ್ತದೆ, ಸಾವಿನ ಸುದ್ದಿಯೂ ತಡವಾಗುತ್ತದೆ. ಯಂತ್ರಗಳು ಹಳೆಯವಾಗಿ ಒಂದೊಂದೇ ಬದಲಾಗುತ್ತಿರುವ ಕಡೆ ನಾನು ಇದನ್ನು ಬಳಸುತ್ತೇನೆ. ಯಂತ್ರಗಳು ಸ್ಥಿರವಾಗಿರುವ ಕಡೆ ತಿದ್ದಿದ ಕ್ರಾಸ್ಟನ್ ಇಟ್ಟುಕೊಂಡು, E ಕಾಲಂನ ಎಣಿಕೆ ಸರಾಸರಿ ಅಂತರದ ಮೂರು ಪಟ್ಟು ದಾಟಿದ ಕಾರ್ಡುಗಳನ್ನು ಬೇರೆ ತೆಗೆದು ವರ್ಕ್‌ಶಾಪಿಗೆ ಒಯ್ಯುತ್ತೇನೆ. ಮೂರು ಪಟ್ಟು ಎಂಬುದು ನನ್ನ ರೂಢಿ, ಶಾಸ್ತ್ರವಲ್ಲ. ನಮ್ಮ ಸೀಲಿಗೆ ಅದು ಹದಿಮೂರು ತಿಂಗಳು.

ಆ ರೂಢಿ ಹುಟ್ಟಿದ್ದು ಹೀಗೆ. ಒಂದು ಸೀಲಿಗೆ ತಿಂಗಳ ಕೊನೆಯ ಪಟ್ಟಿಯಲ್ಲಿ ಒಂದೇ ದರ ತಿಂಗಳುಗಟ್ಟಲೆ ಅಚ್ಚಾಗುತ್ತಿತ್ತು. ಅದು ಕದಲದಿರುವುದು ವಿಧಾನದ ಗುಣ ಎಂದು ನಾನು ಸಮಾಧಾನದಿಂದಿದ್ದೆ. ರ‍್ಯಾಕಿನಲ್ಲಿ ಐದು ಸೀಲ್ ಇದ್ದವು, ಲೆಕ್ಕದ ಪ್ರಕಾರ ಐದೇ ಇರಬೇಕಿತ್ತು. ಒಂದು ದಿನ ಪೊಟ್ಟಣ ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ರಿಂಗುಗಳು ಗಟ್ಟಿಯಾಗಿ ಬಿರುಕು ಬಿಟ್ಟಿದ್ದವು. ಸಪ್ಲೈಯರ್‌ಗೆ ದೂರು ಬರೆಯಲೆಂದು ಯಾವ ಪಂಪಿನದು, ಕೊನೆಯ ಸಲ ಯಾವಾಗ ಹಾಕಿದಿರಿ ಎಂದು ಫಿಟ್ಟರ್‌ನನ್ನು ಕೇಳಿದೆ. ಅವನು ಸೀಲನ್ನು ತಿರುಗಿಸಿ ನೋಡಿ ನಕ್ಕುಬಿಟ್ಟ. ‘ಆ ಪಂಪ್ ಗುಜರಿಗೆ ಹೋಗಿ ಈ ದೀಪಾವಳಿಗೆ ಎರಡು ವರ್ಷ ಆಗುತ್ತದೆ ಸಾರ್. ನಿಮಗೆ ಯಾರೂ ಹೇಳಲಿಲ್ಲವೇ?’